ಹೋಸ್ಟಿಂಗ್ ಕಂಪನಿ ಬದಲಿಸುವ ಮುನ್ನ

ಧಾರವಾಡದ ಪುಸ್ತಕದಂಗಡಿಯೊಂದು ತನ್ನ .com ವೆಬ್‌ಸೈಟನ್ನು ಬೇರೆ ಕಂಪನಿಗೆ ಒಯ್ಯಬೇಕಿದೆ ಎಂದುಕೊಳ್ಳಿ. ಅವಸರದಲ್ಲಿ ಹಳೆಯ ಖಾತೆಯನ್ನೇ ಮೊದಲು ರದ್ದು ಮಾಡಿದರೆ ಸೈಟಿನ ಜೊತೆ ಗಿರಾಕಿಗಳ ಇಮೇಲ್ ಕೂಡ ನಿಂತುಹೋದೀತು.

ಮೊದಲ ಕೆಲಸ ಬ್ಯಾಕಪ್. ಫೈಲುಗಳು, ಡೇಟಾಬೇಸ್, ಇಮೇಲ್, ಡಿಎನ್ಎಸ್ ದಾಖಲೆಗಳು ಎಲ್ಲವನ್ನೂ ಕೇಳಿ ಪಡೆಯಬೇಕು. ಡೇಟಾಬೇಸನ್ನು mysqldump ಬಳಸಿ ತೆಗೆದಿದ್ದರೆ ಫೈಲಿನ ಕೊನೆಯಲ್ಲಿ ಸಾಮಾನ್ಯವಾಗಿ `-- Dump completed` ಎಂಬ ಸಾಲಿರುತ್ತದೆ. ಅದು ಕಾಣದಿದ್ದರೆ ಪ್ರತಿ ಅರ್ಧಕ್ಕೇ ನಿಂತಿರಬಹುದು. ಹೊಸ ಸರ್ವರಿನಲ್ಲಿ ಸೈಟನ್ನು ತೆರೆದು ನೋಡಿದ ಮೇಲೆಯೇ ನಂಬಬೇಕು.

ಆಮೇಲೆ ಡೊಮೇನ್. ಹೂಯಿಸ್ ದಾಖಲೆಯಲ್ಲಿ `clientTransferProhibited` ಎಂದಿದ್ದರೆ ಬೀಗ ಬಿದ್ದಿದೆ ಎಂದರ್ಥ. ಅದನ್ನು ತೆಗೆಸಿ ವರ್ಗಾವಣೆ ಕೋಡ್ ಕೇಳಬೇಕು. .com ಹೆಸರುಗಳಿಗೆ ನಿಯಮ ರೂಪಿಸುವ ಐಕ್ಯಾನ್ ಪ್ರಕಾರ, ಕೋರಿದ 5 ದಿನಗಳೊಳಗೆ ರಿಜಿಸ್ಟ್ರಾರ್ ಅದನ್ನು ಒದಗಿಸಬೇಕು. ಕೋಡ್ ಪಾಸ್‌ವರ್ಡ್ ಇದ್ದಂತೆ. ಯಾರಿಗೂ ಫಾರ್ವರ್ಡ್ ಮಾಡಬಾರದು.

ಹೊಸ ಕಡೆ ಸೈಟ್, ಇಮೇಲ್ ಎರಡೂ ನಡೆಯತೊಡಗಿದ ಮೇಲೆ ಹಳೆಯ ಖಾತೆ ಮುಚ್ಚಿಸಬಹುದು. ಆಗ ಅಳಿಸುವಿಕೆಯ ದೃಢೀಕರಣವನ್ನು ಲಿಖಿತವಾಗಿಯೇ ಕೇಳಬೇಕು. ಸರ್ವರಿನಿಂದ ಅಳಿಸಿದ ಮಾಹಿತಿ ಕಂಪನಿಯ ಬ್ಯಾಕಪ್‌ಗಳಲ್ಲಿ ಇನ್ನೂ ಕೆಲಕಾಲ ಉಳಿದಿರಬಹುದು. ಹಾಗಾಗಿ ಅವು ಯಾವ ದಿನಾಂಕಕ್ಕೆ ಅಳಿಯುತ್ತವೆ, ಬಿಲ್ಲಿನಂಥ ಯಾವ ದಾಖಲೆಗಳನ್ನು ಕಾನೂನಿಗಾಗಿ ಇಟ್ಟುಕೊಳ್ಳಲಾಗುತ್ತದೆ ಎಂಬುದೂ ಆ ಪತ್ರದಲ್ಲಿರಬೇಕು.