ನೌಕರಿ ಪತ್ರ ಬಂದ ಮೇಲೆ ಸಂದರ್ಶನಕ್ಕೆ ತಯಾರು ಮಾಡಿದವರಿಗೆ ಕೃತಜ್ಞತೆ ತಿಳಿಸುವ ಬಗೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಜೈನ ಮನೆತನಗಳಲ್ಲಿ ಮೊದಲು ಮಕ್ಕಳೆಂದರೆ ಅಂಗಡಿ, ಅಡತಿ, ಇಲ್ಲವೇ ಹೊಲ ಎಂದಿತ್ತು. ಈಗ ಬ್ಯಾಂಕ್ ಪರೀಕ್ಷೆ ಬರೆಯುವವರು ಬಹಳ. ಬರವಣಿಗೆಯ ಪರೀಕ್ಷೆಗೆ ಪುಸ್ತಕ, ಕೋಚಿಂಗ್ ಸಿಗುತ್ತವೆ. ಆದರೆ ಸಂದರ್ಶನದಲ್ಲಿ ಕೂತು ಮಾತಾಡುವುದನ್ನು ಹೇಳಿಕೊಡಲು ಅನುಭವಸ್ಥರೇ ಬೇಕು. ಸಮಾಜದ ನಿವೃತ್ತ ಮ್ಯಾನೇಜರರು, ಉಪನ್ಯಾಸಕರು ಸಂಜೆಯ ಹೊತ್ತು ಬಿಡುವು ಮಾಡಿಕೊಂಡು ಈ ಕೆಲಸ ಮಾಡುತ್ತಾರೆ, ಅದಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ. ನೌಕರಿ ಆದ ಸುದ್ದಿ ಮಾತ್ರ ಅವರಿಗೆ ಎಷ್ಟೋ ಸಲ ಯಾರದೋ ವಾಟ್ಸಾಪ್ ಸ್ಟೇಟಸ್ ನೋಡಿ ಗೊತ್ತಾಗುತ್ತದೆ. ಮಕ್ಕಳು ಉಪಕಾರ ಮರೆಯುವವರೆಂದು ಹೀಗಾಗುವುದಲ್ಲ. ಯಾವಾಗ ಹೇಳಬೇಕು, ಏನು ಒಯ್ಯಬೇಕು ಎಂಬ ಗೊಂದಲದಲ್ಲೇ ದಿನ ಕಳೆದುಹೋಗಿ, ಆಮೇಲೆ ಫೋನ್ ಮಾಡಲು ನಾಚಿಕೆಯಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇಳಕಲ್ಲಿನ ಒಬ್ಬ ಹುಡುಗಿ ಐಬಿಪಿಎಸ್ ನಡೆಸುವ ಪ್ರೊಬೇಷನರಿ ಆಫೀಸರ್ ಪರೀಕ್ಷೆಯ ಮುಖ್ಯ ಹಂತ ಪಾಸಾಗಿದ್ದಾಳೆ ಎಂದುಕೊಳ್ಳಿ. ಸಂದರ್ಶನಕ್ಕೆ 100 ಅಂಕ. ಅಂತಿಮ ಪಟ್ಟಿಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20 ಎಂಬ ಪ್ರಮಾಣ ಇರುತ್ತದೆ. ಬಾಗಲಕೋಟೆಯ ನವನಗರದಲ್ಲಿರುವ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಅವಳಿಗೆ ನಾಲ್ಕು ಸಲ ಮಾಕ್ ಇಂಟರ್‌ವ್ಯೂ ಮಾಡಿಸಿದರು.

ಮೊದಲ ಪ್ರಶ್ನೆ, ಯಾವಾಗ ತಿಳಿಸಬೇಕು? ಐಬಿಪಿಎಸ್ ಫಲಿತಾಂಶದ ದಿನ ಬರುವುದು ತಾತ್ಕಾಲಿಕ ಹಂಚಿಕೆ ಮಾತ್ರ, ಅಂದರೆ ಯಾವ ಬ್ಯಾಂಕಿಗೆ ಹೆಸರು ಹೋಗಿದೆ ಎಂಬುದು. ಆಮೇಲೆ ಆ ಬ್ಯಾಂಕಿನವರು ಕರೆದು ದಾಖಲೆ ಪರಿಶೀಲಿಸಿ, ವೈದ್ಯಕೀಯ ತಪಾಸಣೆ ಮಾಡಿಸಿ ನೇಮಕಾತಿ ಪತ್ರ ಕೊಡುತ್ತಾರೆ. ಈ ನಡುವೆ ಕೆಲವು ವಾರಗಳೇ ಹಿಡಿಯಬಹುದು. ಪತ್ರ ಕೈಗೆ ಬಂದ ಮೇಲೆಯೇ ಹೇಳೋಣ ಎಂದು ಸುಮ್ಮನೆ ಕೂರುವುದು ಸರಿಯಲ್ಲ, ಫಲಿತಾಂಶದ ದಿನಾಂಕ ಆ ಮ್ಯಾನೇಜರರಿಗೂ ಗೊತ್ತಿರುತ್ತದೆ, ಅವರೂ ಕಾಯುತ್ತಿರುತ್ತಾರೆ. ಆದ್ದರಿಂದ ಹಂಚಿಕೆಯಾದ ದಿನವೇ ಒಂದು ಫೋನ್ ಮಾಡಬೇಕು. "ಕಾಕಾ, ಜಯ ಜಿನೇಂದ್ರರಿ. ಹಂಚಿಕೆ ಪಟ್ಟಿಯೊಳಗ ನನ್ನ ಹೆಸರು ಬಂದೈತ್ರಿ. ಇನ್ನೂ ದಾಖಲೆ, ಮೆಡಿಕಲ್ ಆಗೋದೈತಿ. ಮೊದಲು ನಿಮಗ ಹೇಳ್ಬೇಕಂತ ಫೋನ್ ಮಾಡಿದೆ" ಎಂದರೆ ಸಾಕು. ಸ್ಟೇಟಸ್ ಹಾಕುವುದು, ಸಮಾಜದ ಗ್ರೂಪಿಗೆ ಕಳಿಸುವುದು ಎಲ್ಲ ಇದಾದ ಮೇಲೆ. ಪತ್ರ ಬಂದಾಗ ಸರಿಯಾಗಿ ಬರೆದು ತಿಳಿಸಿ, ಮನೆಗೆ ಹೋಗಿ ಬರಬೇಕು.

ಫೋನ್ ಮಾಡಬೇಕಾದವರು ನೌಕರಿ ಸಿಕ್ಕವರೇ. ನಮ್ಮಲ್ಲಿ ಬಹುತೇಕ ತಂದೆಯೇ ಫೋನ್ ಮಾಡಿ "ನಿಮ್ಮ ಆಶೀರ್ವಾದ" ಅಂದುಬಿಡುತ್ತಾರೆ, ಹುಡುಗಿ ಪಕ್ಕದಲ್ಲಿ ನಿಂತಿರುತ್ತಾಳೆ. ಹಿರಿಯರು ಮಾತಾಡಲಿ, ಆದರೆ ಅವಳು ಮಾತಾಡಿದ ಮೇಲೆ.

ಇನ್ನು ಏನು ಬರೆಯಬೇಕು? "ನಿಮ್ಮ ಉಪಕಾರ ಎಂದೂ ಮರೆಯುವುದಿಲ್ಲ" ಎಂದಷ್ಟೇ ಬರೆದರೆ ಮ್ಯಾನೇಜರರಿಗೆ ಏನೂ ತಿಳಿಯುವುದಿಲ್ಲ. ತಾವು ಹೇಳಿಕೊಟ್ಟದ್ದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದು ಅವರಿಗೆ ಬೇಕು, ಏಕೆಂದರೆ ಮುಂದಿನ ವರ್ಷ ಹುನಗುಂದದ ಇನ್ನೊಬ್ಬ ಹುಡುಗ ಅವರ ಎದುರು ಬಂದು ಕೂರುತ್ತಾನೆ. ಆ ಹುಡುಗಿ ಹೀಗೆ ಬರೆಯಬಹುದು:

"ಪೂಜ್ಯ ಕಾಕಾ ಅವರಿಗೆ ಜಯ ಜಿನೇಂದ್ರ. ಇವತ್ತು ಬ್ಯಾಂಕಿನ ನೇಮಕಾತಿ ಪತ್ರ ಬಂದಿದೆ. ನಿಮ್ಮ ಊರಲ್ಲಿ ಏನು ವಿಶೇಷ ಎಂದು ನೀವು ಕೇಳಿದಾಗ ನಾನು ಇಳಕಲ್ ಸೀರೆ ಅಂದು ಸುಮ್ಮನಾಗಿದ್ದೆ. ನೇಕಾರ ನೂಲನ್ನು ಉದ್ದರಿ ತಂದರೆ ಅವನಿಗೆ ಯಾವ ಸಾಲ ಕೊಡುತ್ತೀ ಎಂದು ನೀವು ಮತ್ತೆ ಕೇಳಿದಿರಿ. ಸಂದರ್ಶನದಲ್ಲಿ ಮಾತು ಅಲ್ಲಿಗೇ ಬಂತು. ದುಡಿಯುವ ಬಂಡವಾಳ, ಮುದ್ರಾ ಯೋಜನೆಯ ಶಿಶು ಸಾಲಕ್ಕೆ 50,000 ರೂಪಾಯಿ ಮಿತಿ, ಎಲ್ಲ ಹೇಳಿದೆ. ಆದರೆ ರೆಪೊ ದರದ ಪ್ರಶ್ನೆಯಲ್ಲಿ ತಡವರಿಸಿದೆ. ಗೊತ್ತಿಲ್ಲ ಸರ್ ಎಂದು ನೇರವಾಗಿ ಹೇಳು ಎಂದಿದ್ದಿರಿ, ಹಾಗೇ ಹೇಳಿದೆ. ಭಾನುವಾರ ಮುಂಜಾನೆ ಅಪ್ಪನ ಜೊತೆ ಬರಲೇ?"

ಇದರಲ್ಲಿ ಹೊಗಳಿಕೆ ಇಲ್ಲ, ಆದರೂ ಓದಿದವರಿಗೆ ತಮ್ಮ ನಾಲ್ಕು ಸಂಜೆ ಎಲ್ಲಿಗೆ ಹೋದವು ಎಂದು ತಿಳಿಯುತ್ತದೆ. ಸಂಬಳ ಎಷ್ಟು ಎಂದು ಬರೆಯಬೇಕಾಗಿಲ್ಲ. ಸಂದರ್ಶನ ಮಾಡಿದವರ ಹೆಸರು ಗೊತ್ತಿದ್ದರೂ ಬರೆಯುವುದು ಬೇಡ, ಇಂಥ ಸಂದೇಶಗಳು ಒಂದು ಮೊಬೈಲಿನಲ್ಲೇ ಉಳಿಯುವುದಿಲ್ಲ.

ಮನೆಗೆ ಹೋಗುವಾಗ ಏನು ಒಯ್ಯಬೇಕು ಎಂಬಲ್ಲಿ ನಮ್ಮವರು ಸ್ವಲ್ಪ ವಿಚಾರ ಮಾಡಬೇಕು. ಇಳಕಲ್ಲಿನವರು ಕಾಕೂ ಅವರಿಗೆ ಒಂದು ಸೀರೆ ಎಂದು ಮೊದಲು ಯೋಚಿಸುತ್ತಾರೆ. ಆದರೆ ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ಸೆರಗು ಸಾಂಪ್ರದಾಯಿಕವಾಗಿ ರೇಷ್ಮೆಯದು, ಮತ್ತು ರೇಷ್ಮೆ ನೂಲಿಗೆ ಗೂಡಿನೊಳಗಿನ ಹುಳ ಸಾಯುತ್ತದೆ. ಆ ಕಾರಣಕ್ಕೆ ರೇಷ್ಮೆ ಬಿಟ್ಟ ಮನೆಗಳು ನಮ್ಮಲ್ಲಿ ಇವೆ. ಸೆರಗು ಆರ್ಟ್ ಸಿಲ್ಕಿನದೋ ಅಸಲಿ ರೇಷ್ಮೆಯದೋ ಎಂದು ಅಂಗಡಿಯಲ್ಲಿ ಕೇಳಿಯೇ ಕೊಳ್ಳಬೇಕು. ಚರ್ಮದ ಪರ್ಸು, ಬೆಲ್ಟಿನ ಮಾತೇ ಬೇಡ. ಬೆಳ್ಳಿ ವರ್ಕ್ ಹಚ್ಚಿದ ಮಿಠಾಯಿಯನ್ನೂ ಕೆಲವರು ಮುಟ್ಟುವುದಿಲ್ಲ, ಹಳೆಯ ಪದ್ಧತಿಯಲ್ಲಿ ಆ ಹಾಳೆಯನ್ನು ಪ್ರಾಣಿಯ ಕರುಳಿನ ಪದರಗಳ ನಡುವೆ ಇಟ್ಟು ಬಡಿಯುತ್ತಿದ್ದರು. ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟು ಬೆಲ್ಲ, ಅಂಟು, ಒಣ ಹಣ್ಣುಗಳದ್ದು, ಬಹಳ ಮನೆಗಳಿಗೆ ಒಪ್ಪುತ್ತದೆ. ಕೆಲವು ಮನೆಗಳಲ್ಲಿ ವರ್ಷದ ಕೆಲವು ತಿಂಗಳು ಒಣ ಹಣ್ಣಿನ ತ್ಯಾಗ ಇರುತ್ತದೆ, ಅದನ್ನೂ ಮುಂಚೆಯೇ ಕೇಳಿಕೊಳ್ಳುವುದು ಒಳ್ಳೆಯದು. ಸೂರ್ಯಾಸ್ತದ ಮೇಲೆ ಹೋದರೆ ಅವರಿಗೂ ಏನನ್ನೂ ಬಾಯಿಗೆ ಹಾಕಿಕೊಳ್ಳಲಾಗದು, ಬಂದವರಿಗೆ ಚಹಾ ಕೊಡಲೂ ಮುಜುಗರ. ಮುಂಜಾನೆಯೇ ಸರಿ.

ಲಕೋಟೆಯಲ್ಲಿ ಹಣ ಇಟ್ಟು ಕೊಡಬಾರದು. ವಿದ್ಯೆ ಹೇಳಿಕೊಡುವುದನ್ನು ನಮ್ಮಲ್ಲಿ ಚತುರ್ವಿಧ ದಾನಗಳಲ್ಲಿ ಒಂದಾದ ಶಾಸ್ತ್ರದಾನದ ಸಾಲಿಗೆ ಸೇರಿಸುತ್ತಾರೆ. ಅದಕ್ಕೆ ಬೆಲೆ ಕಟ್ಟಿದ ಹಾಗಾದರೆ ಅವರಿಗೆ ಬೇಸರವಾಗುತ್ತದೆ, ಎರಡನೆಯ ಸಲ ಯಾರನ್ನಾದರೂ ಕಳಿಸಲು ನಮಗೂ ಬಾಯಿ ಬರುವುದಿಲ್ಲ. ಏನಾದರೂ ಕೊಡಲೇಬೇಕೆನಿಸಿದರೆ ಬಸದಿಯ ಪಾಠಶಾಲೆಗೋ ಹಾಸ್ಟೆಲಿನ ಮಕ್ಕಳಿಗೋ ಪರೀಕ್ಷಾ ಪುಸ್ತಕ ಕೊಡಬಹುದು. ಪುಸ್ತಕದ ಮೇಲೆ ಅವರ ಹೆಸರು ಬರೆಸುವ ಮುಂಚೆ ಒಪ್ಪಿಗೆ ಪಡೆಯಬೇಕು, ಹೆಸರು ಬೇಡ ಎನ್ನುವವರೇ ಹೆಚ್ಚು.

ಮಾರ್ಗದರ್ಶಕರು ಇನ್ನೂ ಸೇವೆಯಲ್ಲಿದ್ದರೆ ವಿಷಯ ಬೇರೆ. ಬಾದಾಮಿಯಲ್ಲಿರುವ ಒಬ್ಬ ಸರ್ಕಾರಿ ಅಧಿಕಾರಿಯೋ, ಅದೇ ಬ್ಯಾಂಕಿನ ಈಗಿನ ಉದ್ಯೋಗಿಯೋ ಹೇಳಿಕೊಟ್ಟಿದ್ದಾರೆ ಎಂದುಕೊಳ್ಳಿ. ಅವರಿಗೆ ಉಡುಗೊರೆಯ ಬಗ್ಗೆ ನಡತೆ ನಿಯಮಗಳಿರುತ್ತವೆ. ಅದೂ ನೌಕರಿ ಸಿಕ್ಕ ಕೂಡಲೇ ಕೊಟ್ಟ ವಸ್ತುವನ್ನು ನೋಡಿದವರು ಬೇರೆ ಅರ್ಥ ಮಾಡುತ್ತಾರೆ. ಅಂಥವರಿಗೆ ಪತ್ರವೊಂದೇ ಸಾಕು. ಗ್ರೂಪಿನಲ್ಲಿ "ಇವರಿಂದಲೇ ನೌಕರಿ ಆಯಿತು" ಎಂದು ಬರೆಯುವುದು ಎಲ್ಲಕ್ಕಿಂತ ಅಪಾಯ. ಅಭ್ಯಾಸ ಮಾಡಿಸಿದವರು ಶಿಫಾರಸು ಮಾಡಿದವರಂತೆ ಕಾಣುತ್ತಾರೆ. ಅವರ ಬಳಿಯೇ ಕಲಿತು ಈ ಸಲ ಆಯ್ಕೆಯಾಗದ ಹುಡುಗನೂ ಅದೇ ಗ್ರೂಪಿನಲ್ಲಿರುತ್ತಾನೆ.

ಬಂದ ನೌಕರಿಯನ್ನು ಬೇಡ ಎಂದು ಬಿಡುವವರೂ ಇದ್ದಾರೆ. ದೂರದ ರಾಜ್ಯಕ್ಕೆ ಹಾಕಿದರು ಅಂತಲೋ, ಬೇರೆ ಪರೀಕ್ಷೆ ಪಾಸಾಯಿತು ಅಂತಲೋ. ಆಗಲೂ ಮಾರ್ಗದರ್ಶಕರಿಗೆ ಮೊದಲು ತಿಳಿಸಬೇಕು. ಹತ್ತು ಮಂದಿಗೆ "ನಮ್ಮ ಹುಡುಗಿ ಆಫೀಸರ್ ಆದಳು" ಎಂದು ಹೇಳಿಕೊಂಡವರು ಪೇಟೆಯಲ್ಲಿ ಬೇರೆಯವರಿಂದ ಸುದ್ದಿ ಕೇಳುವಂತಾಗಬಾರದು. ಕೆಲಸಕ್ಕೆ ಸೇರಿದವರು ತರಬೇತಿ ಮುಗಿದು ಶಾಖೆ ಗೊತ್ತಾದ ದಿನ ಊರಿನ ಹೆಸರು ತಿಳಿಸಿ ಇನ್ನೊಂದು ಸಾಲು ಕಳಿಸಲಿ. ಆ ಊರಿನ ಬಸದಿ ಎಲ್ಲಿದೆ, ಊಟದ ವ್ಯವಸ್ಥೆ ಯಾರ ಮನೆಯಲ್ಲಿ ಆಗಬಹುದು ಎಂದು ವಿಚಾರಿಸಿ ಹೇಳುವವರೂ ಅನೇಕ ಸಲ ಅವರೇ ಆಗಿರುತ್ತಾರೆ.