ಗೂಡು ಯಾವುದು, ಪಾರಿವಾಳ ಯಾವುದು?

ಭದ್ರಾವತಿಯ ಓದುಗರೊಬ್ಬರು ಮಗಳ ಗಣಿತ ಸ್ಪರ್ಧೆಯ ಪುಸ್ತಕದ ಒಂದು ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದ್ದಾರೆ. ಲೆಕ್ಕ ಹೀಗಿದೆ: 1ರಿಂದ 100ರವರೆಗಿನ ಸಂಖ್ಯೆಗಳಲ್ಲಿ ಯಾವುದಾದರೂ ಐವತ್ತ... ಅಷ್ಟರಲ್ಲಿ ಪುಟದ ಮಡಿಕೆ. 5 ಕಾಣುತ್ತದೆ, ಅದರ ಪಕ್ಕದ ಅಂಕಿ ನೆರಳಿನಲ್ಲಿ ಮುಳುಗಿದೆ. ಅಷ್ಟು ಸಂಖ್ಯೆಗಳನ್ನು ಆರಿಸಿದರೆ, ಅವುಗಳಲ್ಲಿ ಒಂದು ಇನ್ನೊಂದನ್ನು ಶೇಷವಿಲ್ಲದೆ ಭಾಗಿಸಲೇಬೇಕೆಂದು ಸಾಧಿಸಬೇಕು. 'ಪಾರಿವಾಳದ ಗೂಡಿನ ತತ್ವ ಬಳಸಿ ಅಂತ ಮೇಷ್ಟ್ರು ಹೇಳಿದ್ದಾರೆ, ಆದರೆ ಇಲ್ಲಿ ಗೂಡೇ ಕಾಣಿಸುತ್ತಿಲ್ಲವಲ್ಲ ಸಾರ್' ಎಂಬುದು ಅವರ ದೂರು.

ದೂರು ನ್ಯಾಯವಾದದ್ದೇ. ತತ್ವವೇನೋ ಮಗುವಿಗೂ ಗೊತ್ತಾಗುವಂಥದ್ದು. ಗೂಡುಗಳಿಗಿಂತ ಪಾರಿವಾಳಗಳು ಹೆಚ್ಚಿದ್ದರೆ ಯಾವುದೋ ಒಂದು ಗೂಡಿನಲ್ಲಿ ಕನಿಷ್ಠ ಎರಡು ಕೂರಲೇಬೇಕು. ಜರ್ಮನಿಯ ಡಿರಿಕ್ಲೆ 1834ರಲ್ಲಿ ಇದನ್ನು ಗಣಿತದ ಸಾಧನವಾಗಿ ಬಳಸಿದ ಮೇಲೆ ಅವನ ಹೆಸರೂ ಇದಕ್ಕೆ ಅಂಟಿಕೊಂಡಿದೆ. ಕಷ್ಟ ಇರುವುದು ತತ್ವದಲ್ಲಲ್ಲ. ಲೆಕ್ಕ ಪಾರಿವಾಳಗಳನ್ನು ಕೈಗೆ ಕೊಟ್ಟು, ಗೂಡು ಕಟ್ಟುವ ಕೆಲಸವನ್ನು ನಮಗೆ ಬಿಡುತ್ತದೆ.

ಹುಡುಗಿ ಪುಟದ ಅಂಚಿನಲ್ಲೇ ಪೆನ್ಸಿಲಿನಿಂದ ಒಂದು ಪ್ರಯತ್ನ ಮಾಡಿದ್ದಾಳೆ. 1ರಿಂದ 10 ಒಂದು ಗೂಡು, 11ರಿಂದ 20 ಇನ್ನೊಂದು, ಹೀಗೆ ಹತ್ತು ಗೂಡು. ಐವತ್ತು ಚಿಲ್ಲರೆ ಪಾರಿವಾಳಕ್ಕೆ ಹತ್ತೇ ಗೂಡು ಎಂದಮೇಲೆ ಒಂದರಲ್ಲಿ ಐದಾರು ಕೂರುವುದು ಖಚಿತ. ಆದರೆ ಕೂತು ಪ್ರಯೋಜನವೇನು? 11 ಮತ್ತು 17 ಒಂದೇ ಗೂಡಿನಲ್ಲಿವೆ, ಒಂದು ಇನ್ನೊಂದನ್ನು ಭಾಗಿಸುವುದಿಲ್ಲ. ಗೂಡು ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಯಾವ ಎರಡು ಒಂದೇ ಗೂಡಿಗೆ ಬಂದರೂ ನಮ್ಮ ಕೆಲಸ ಆಗಿಹೋಗುತ್ತದೆಯೇ? ಇಲ್ಲವೆಂದರೆ ಗೂಡು ಎಷ್ಟೇ ಅಚ್ಚುಕಟ್ಟಾಗಿದ್ದರೂ ಕೆಡವಬೇಕು.

(1,2), (3,4), (5,6) ಎಂದು ಜೋಡಿ ಕಟ್ಟಿದರೆ? ಆಗ 50 ಗೂಡು, ಪ್ರತಿ ಗೂಡಿನಲ್ಲೂ ಅಕ್ಕಪಕ್ಕದ ಸಂಖ್ಯೆಗಳು. ನಮ್ಮ ಲೆಕ್ಕಕ್ಕೆ ಇದೂ ಒದಗುವುದಿಲ್ಲ, ಏಕೆಂದರೆ 7 ಎಂಟನ್ನು ಭಾಗಿಸದು. ಆದರೆ 51 ಸಂಖ್ಯೆ ಆರಿಸಿದರೆ ಅವುಗಳಲ್ಲಿ ಎರಡಕ್ಕೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವೇ ಇರುವುದಿಲ್ಲ ಎಂದು ತೋರಿಸಲು ಇದೇ ಸರಿಯಾದ ಗೂಡು. ಹಂಗೇರಿಯ ಗಣಿತಜ್ಞ ಪಾಲ್ ಏರ್ಡಿಶ್ ಈ ಪ್ರಶ್ನೆಯನ್ನು ಲಾಯೋಶ್ ಪೋಶಾ ಎಂಬ ಹುಡುಗನಿಗೆ ಊಟದ ಮೇಜಿನಲ್ಲಿ ಕೇಳಿದ್ದರು. ಹುಡುಗನಿಗೆ ಆಗ ಹೆಚ್ಚೆಂದರೆ ಹನ್ನೆರಡು ವರ್ಷ. ಸೂಪು ಕುಡಿಯುತ್ತಲೇ ಅರ್ಧ ನಿಮಿಷದಲ್ಲಿ 'ಆ ಎರಡು ಅಕ್ಕಪಕ್ಕದವು' ಎಂದುಬಿಟ್ಟನಂತೆ. ಅವೇ ನೂರು ಸಂಖ್ಯೆ, ಅವೇ 51 ಪಾರಿವಾಳ. ಪ್ರಶ್ನೆ ಬದಲಾದರೆ ಗೂಡೂ ಬದಲಾಗಬೇಕು.

ಹಾಗಾದರೆ ಭಾಗಾಕಾರಕ್ಕೆ ಒಪ್ಪುವ ಗೂಡು ಹೇಗಿರಬೇಕು? ಒಳಗಿರುವ ಯಾವ ಎರಡನ್ನು ತೆಗೆದರೂ ಚಿಕ್ಕದು ದೊಡ್ಡದನ್ನು ಭಾಗಿಸಬೇಕು. ಅಂದರೆ ಗೂಡು ಒಂದು ಸರಪಳಿಯಾಗಿರಬೇಕು. ಒಂದು ಸಂಖ್ಯೆ ಹಿಡಿದು ಎರಡೆರಡರಿಂದ ಗುಣಿಸುತ್ತ ಹೋಗಿ: 3, 6, 12, 24, 48, 96. ಇದರಲ್ಲಿ ಯಾವ ಎರಡನ್ನು ತೆಗೆದರೂ ಸರಿ. ಯಾವ ಸಂಖ್ಯೆ ಯಾವ ಗೂಡಿಗೆ ಎಂದು ತಿಳಿಯಲು, ಬೆಸಸಂಖ್ಯೆ ಸಿಗುವವರೆಗೆ ಅರ್ಧ ಮಾಡುತ್ತ ಇಳಿಯಬೇಕು. 84ರ ಅರ್ಧ 42, ಅದರ ಅರ್ಧ 21. ಹಾಗಾಗಿ 84 ಇಪ್ಪತ್ತೊಂದರ ಗೂಡಿಗೆ. ನೂರರೊಳಗೆ ಬೆಸಸಂಖ್ಯೆಗಳು 50, ಆದ್ದರಿಂದ ಗೂಡೂ 50. ಕೆಲವು ಗೂಡು ತುಂಬಿ ತುಳುಕುತ್ತವೆ, ಒಂದರ ಗೂಡಿನಲ್ಲಿ ಏಳು ಸಂಖ್ಯೆಗಳಿವೆ. 51ರಿಂದ ಮೇಲಿನ ಬೆಸಸಂಖ್ಯೆಗಳ ಗೂಡುಗಳಲ್ಲಿ ಒಂದೊಂದೇ. ಗೂಡುಗಳು ಒಂದೇ ಅಳತೆಯವಾಗಿರಬೇಕೆಂದು ಯಾರೂ ಕಟ್ಟಳೆ ಹಾಕಿಲ್ಲ. ಸಮಸಮ ಮಾಡಲು ಹೋಗಿಯೇ ಮಕ್ಕಳು ಹಾದಿ ತಪ್ಪುವುದು. 51 ಆರಿಸಿದರೆ ಎರಡು ಒಂದೇ ಗೂಡಿಗೆ ಬಂದವು, ಲೆಕ್ಕ ಮುಗಿಯಿತು.

ಎರಡರಿಂದಲೇ ಏಕೆ ಗುಣಿಸಬೇಕು, ಮೂರರಿಂದ ಆಗದೇ? ಮಾಡಿ ನೋಡಿ. 1, 3, 9, 27, 81 ಒಳ್ಳೆಯ ಸರಪಳಿಯೇ. ಆದರೆ ಈಗ ಮೂರರಿಂದ ಭಾಗವಾಗದ ಪ್ರತಿ ಸಂಖ್ಯೆಗೂ ಒಂದು ಗೂಡು ಬೇಕು, ಅಂಥವು ನೂರರೊಳಗೆ 67 ಇವೆ. 51 ಪಾರಿವಾಳಗಳು 67 ಗೂಡುಗಳಲ್ಲಿ ಒಂದೊಂದಾಗಿ ಆರಾಮವಾಗಿ ಕೂರುತ್ತವೆ. ಗೂಡಿನ ಗುಣ ಸರಿಯಿದ್ದೂ ಎಣಿಕೆ ಕೈಕೊಟ್ಟಿತು.

ಮಡಿಕೆಯಲ್ಲಿ ಮುಚ್ಚಿಹೋದ ಅಂಕಿಯನ್ನೂ ಈಗ ಹೊರಗೆಳೆಯಬಹುದು. ಅದು 50 ಆಗಿರಲು ಸಾಧ್ಯವೇ ಇಲ್ಲ. 51ರಿಂದ 100ರವರೆಗಿನ ಐವತ್ತನ್ನೇ ಆರಿಸಿದರೆ ಯಾವುದೂ ಯಾವುದನ್ನೂ ಭಾಗಿಸುವುದಿಲ್ಲ. ಅತಿ ಚಿಕ್ಕ 51ನ್ನು ದುಪ್ಪಟ್ಟು ಮಾಡಿದರೂ 102, ನೂರನ್ನು ದಾಟಿತು. 52, 53 ಎಂದಿದ್ದರೂ ಮಾತು ನಿಜವೇ, ಆದರೆ ಸ್ಪರ್ಧೆಯ ಲೆಕ್ಕ ಕಟ್ಟುವವರು ತುದಿಯಲ್ಲೇ ನಿಲ್ಲಿಸುತ್ತಾರೆ. ಅಲ್ಲಿರುವುದು 51.

ಗೂಡನ್ನೂ ಪಾರಿವಾಳವನ್ನೂ ಅದಲುಬದಲು ಮಾಡುವ ಇನ್ನೊಂದು ಹಳೆಯ ಲೆಕ್ಕವನ್ನು ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳ ಮೇಲೆ ಹಾಕಿ ನೋಡೋಣ. ಶಿವಮೊಗ್ಗದಲ್ಲಿ ತಲೆಗೂದಲಿನ ಎಣಿಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರುವ ಇಬ್ಬರು ಇದ್ದಾರೆಯೇ? ಎಲ್ಲರೂ ಮೊದಲು ಕೂದಲನ್ನು ಪಾರಿವಾಳ, ತಲೆಯನ್ನು ಗೂಡು ಎಂದುಕೊಂಡು ಕೂದಲು ಎಣಿಸಲು ಕೂರುತ್ತಾರೆ. ಅದು ತಲೆಕೆಳಗು. ಜನರೇ ಪಾರಿವಾಳಗಳು, 0, 1, 2 ಎಂಬ ಎಣಿಕೆಗಳೇ ಗೂಡುಗಳು. ಮನುಷ್ಯನ ತಲೆಯಲ್ಲಿ ಕೂದಲು ಸಾಮಾನ್ಯವಾಗಿ ಒಂದು ಲಕ್ಷದ ಆಸುಪಾಸು. ಧಾರಾಳವಾಗಿ ಎರಡು ಲಕ್ಷಕ್ಕೆ ಮಿತಿ ಹಾಕಿದರೂ ಗೂಡುಗಳು 2,00,001. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನ 3.22 ಲಕ್ಷ. ಇಬ್ಬರು ಇದ್ದೇ ಇದ್ದಾರೆ. ಗೋಪಿ ಸರ್ಕಲ್‌ನಲ್ಲಿ ಯಾರ ತಲೆಯನ್ನೂ ಎಣಿಸಬೇಕಿಲ್ಲ. ಆದರೆ ಆ ಇಬ್ಬರು ಯಾರು ಎಂದು ಕೇಳಬೇಡಿ, ಅದನ್ನು ಈ ತತ್ವ ಎಂದೂ ಹೇಳುವುದಿಲ್ಲ.

    

ಭದ್ರಾವತಿಯ ಓದುಗರು ಮಾತ್ರ ಸ್ವಲ್ಪ ತಾಳಬೇಕು. ಅದೇ ಜನಗಣತಿಯಲ್ಲಿ ನಿಮ್ಮ ಊರಿನ ಜನ ಒಂದೂವರೆ ಲಕ್ಷದಷ್ಟು, ಗೂಡುಗಳಿಗಿಂತ ಕಡಿಮೆ. ನುಣ್ಣನೆ ಬೋಳುತಲೆಯವರು ಇಬ್ಬರು ಸಿಕ್ಕರೂ ಸಾಕು, ಸೊನ್ನೆಯ ಗೂಡಿನಲ್ಲಿ ಜೋಡಿ ಸಿಕ್ಕಿತು. ಆದರೆ ಅದು ಕಣ್ಣಾರೆ ಕಂಡ ಸಾಕ್ಷಿಯೇ ಹೊರತು ತತ್ವ ಕೊಟ್ಟ ಖಾತರಿಯಲ್ಲ. ಎರಡೂ ಊರುಗಳನ್ನು ಒಟ್ಟು ಸೇರಿಸಿದರೆ ಜನ ನಾಲ್ಕೂಮುಕ್ಕಾಲು ಲಕ್ಷದ ಹತ್ತಿರ, ಗೂಡುಗಳ ಎರಡು ಪಟ್ಟಿಗಿಂತ ಹೆಚ್ಚು. ಆಗ ಸಮಾನ ಕೂದಲಿನವರು ಇಬ್ಬರಲ್ಲ, ಕನಿಷ್ಠ ಮೂವರು.