ಹೊಸ ನಲ್ಲಿಗೂ ಮೊದಲು ಒಂದು ಪತ್ರ

ಬೆಂಗಳೂರಿನ ಹಳೆಯ ಬಾಡಿಗೆ ಮನೆಗಳಲ್ಲಿ ಬೋರ್‌ವೆಲ್ ನೀರಿನ ಗಡಸುತನ ಮೊದಲು ಕಾಣಿಸುವುದು ಬಚ್ಚಲುಮನೆಯಲ್ಲಿ. ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟುತ್ತದೆ, ಶವರಿನ ತೂತುಗಳು ಮುಚ್ಚಿಹೋಗುತ್ತವೆ, ಎಷ್ಟು ಬಿಗಿಯಾಗಿ ತಿರುಗಿಸಿದರೂ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ಓನರ್ "ನೋಡೋಣ" ಎನ್ನುತ್ತಲೇ ಇದ್ದರೆ, ನಮ್ಮ ದುಡ್ಡಲ್ಲೇ ಹಾಕಿಸಿಕೊಳ್ಳೋಣ ಅನ್ನಿಸುವುದು ಸಹಜ. ಹಾಕಿಸಿಕೊಳ್ಳಿ, ಆದರೆ ಕೇಳದೆ ಬೇಡ.

ತೊಂದರೆ ಇರುವುದು ಹೊಸ ನಲ್ಲಿಯಲ್ಲಲ್ಲ, ಹಳೆಯದನ್ನು ಬಿಚ್ಚುವುದರಲ್ಲಿ. ಇಪ್ಪತ್ತು ವರ್ಷ ಹಳೆಯ ಕಬ್ಬಿಣದ ಪೈಪಿನ ಮರೆ ತುಕ್ಕು ಹಿಡಿದಿರುತ್ತದೆ. ಪ್ಲಂಬರ್ ಪಾನಾ ಹಾಕಿ ತಿರುಗಿಸಿದಾಗ ಅದು ಗೋಡೆಯೊಳಗೇ ಮುರಿಯಬಹುದು. ಆಗ ಟೈಲ್ಸ್ ಒಡೆಯಬೇಕು. ಅದೇ ಬಣ್ಣದ ಹಳೇ ಟೈಲ್ಸ್ ಅಂಗಡಿಯಲ್ಲಿ ಸಿಗುವುದು ಕಷ್ಟ. ಮನೆ ಖಾಲಿ ಮಾಡುವ ದಿನ ಅಡ್ವಾನ್ಸ್‌ನಿಂದ ಹಣ ಹಿಡಿಯಲು ಆ ಒಂದು ಟೈಲ್ ಸಾಕು.

ಹಾಗಾಗಿ ಪತ್ರದಲ್ಲಿ ಅನುಮತಿಯ ಜೊತೆಗೆ ಈ ಮಾತುಗಳೂ ಇರಲಿ. ಒಂದು ಮಾದರಿ:

"ಮಾನ್ಯರೇ, ನಿಮ್ಮ ಮೊದಲ ಮಹಡಿಯ ಮನೆಯ ಬಚ್ಚಲಿನ ಎರಡು ನಲ್ಲಿ ಮತ್ತು ಶವರ್ ಸೋರುತ್ತಿವೆ. ಫೋಟೋ ಲಗತ್ತಿಸಿದ್ದೇನೆ. ಇವುಗಳನ್ನು ನನ್ನ ಖರ್ಚಿನಲ್ಲಿ ಬದಲಿಸಲು ಅನುಮತಿ ಕೋರುತ್ತೇನೆ. ಈ ಹಣವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವುದಿಲ್ಲ. ಗೋಡೆಯೊಳಗಿನ ಪೈಪ್ ಬದಲಿಸುವುದಿಲ್ಲ. ಕೆಲಸದ ವೇಳೆ ಟೈಲ್ಸ್ ಒಡೆದರೆ ನಾನೇ ಸರಿಪಡಿಸುತ್ತೇನೆ. ಪೈಪೇ ಶಿಥಿಲವಾಗಿದ್ದು ಮುರಿದರೆ, ಕೆಲಸ ನಿಲ್ಲಿಸಿ ನಿಮಗೆ ತಿಳಿಸುತ್ತೇನೆ; ಅದರ ಖರ್ಚನ್ನು ನೀವು ಭರಿಸಬೇಕೆಂದು ವಿನಂತಿ. ಹಳೆಯ ನಲ್ಲಿಗಳನ್ನು ಜೋಪಾನವಾಗಿ ಇಟ್ಟಿರುತ್ತೇನೆ. ಮನೆ ಬಿಡುವಾಗ ಅವನ್ನೇ ಕೂರಿಸಿ ಹೊಸದನ್ನು ಒಯ್ಯಲೇ, ಅಥವಾ ಹೊಸದನ್ನೇ ಬಿಡಲೇ ಎಂಬುದನ್ನು ದಯವಿಟ್ಟು ಈಗಲೇ ತಿಳಿಸಿ."

ಕೊನೆಯ ವಾಕ್ಯವನ್ನು ಬಹಳ ಮಂದಿ ಬರೆಯುವುದೇ ಇಲ್ಲ, ಜಗಳ ಹುಟ್ಟುವುದು ಅಲ್ಲೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬಾಡಿಗೆದಾರ ತಾನು ಜೋಡಿಸಿದ ವಸ್ತುಗಳನ್ನು ಮನೆ ತನ್ನ ಸ್ವಾಧೀನದಲ್ಲಿರುವಾಗಲೇ ತೆಗೆದುಕೊಳ್ಳಬಹುದು, ಆದರೆ ಮನೆಯನ್ನು ಪಡೆದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು. ಕೀಲಿಕೈ ಕೊಟ್ಟ ಮೇಲೆ ಆ ಹಕ್ಕು ಇರುವುದಿಲ್ಲ. ನಿಮ್ಮ ಕರಾರುಪತ್ರದಲ್ಲಿ ಬೇರೆ ಷರತ್ತಿದ್ದರೆ ಅದೇ ಅನ್ವಯಿಸುತ್ತದೆ. ಹನ್ನೊಂದು ತಿಂಗಳ ಅಗ್ರಿಮೆಂಟುಗಳಲ್ಲಿ ಅನುಮತಿಯಿಲ್ಲದೆ ಬದಲಾವಣೆ ಕೂಡದೆಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಮೊದಲು ಅದನ್ನು ಓದಿ.

ಪತ್ರವನ್ನು ಕೈಗೆ ಕೊಟ್ಟರೆ ನಕಲಿನ ಮೇಲೆ ಓನರ್ ಸಹಿ ಪಡೆಯಿರಿ. ವಾಟ್ಸಾಪಿನಲ್ಲಿ ಕಳಿಸಿದರೆ "ಸರಿ" ಎಂಬ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ ಒಪ್ಪಿಗೆ ಎರಡು ವರ್ಷದ ನಂತರ ಇಬ್ಬರಿಗೂ ಬೇರೆ ಬೇರೆಯಾಗಿ ನೆನಪಿರುತ್ತದೆ. ಹಳೆಯ ನಲ್ಲಿಗಳನ್ನು ಚೀಲಕ್ಕೆ ಕಟ್ಟಿ ಅಟ್ಟದ ಮೇಲಿಡಿ, ಗುಜರಿಗೆ ಹಾಕಬೇಡಿ. ಅವು ಓನರ್ ಸ್ವತ್ತು.